ಪಂಕ್ತಿಯಲ್ಲಿ ತುತ್ತು ಗಂಟಲಿಗೆ ಸಿಕ್ಕಿದಾಗ

ಅಕ್ಕಂದಿರೇ, ಅಣ್ಣಂದಿರೇ, ನೀವು ವಿಜಯಪುರದ ಮದುವೆಗಳಲ್ಲಿ ಅಡುಗೆ ಮಾಡುವವರು, ಬಡಿಸುವವರು. ಉಣ್ಣುವವರ ಗಂಟಲಿಗೆ ತುತ್ತು ಸಿಕ್ಕಿದರೆ ಮೊದಲು ಕಾಣುವುದು ನಿಮಗೇ. ಅದಕ್ಕೇ ಈ ವಿಡಿಯೋ ಮಾಡುತ್ತಿದ್ದೇವೆ. ಅದರಲ್ಲಿ ಏನೇನು ಬರುತ್ತದೆ ಅನ್ನುವುದನ್ನು ಈಗ ಹೇಳುತ್ತೇನೆ.

ಒಬ್ಬ ಕಾಕಾ ಮಾತಾಡುತ್ತಾ ರೊಟ್ಟಿ, ಎಣ್ಣೆಗಾಯಿ ಉಣ್ಣುತ್ತಿದ್ದಾರೆ. ತಟ್ಟನೆ ಮಾತು ನಿಂತಿತು. ಕೈ ಗಂಟಲಿಗೆ ಹೋಯಿತು. ಪಕ್ಕದವರು "ನೆತ್ತಿಗೆ ಹತ್ತೇತಿ, ಯಾರೋ ನೆನಸಾಕತ್ತಾರ" ಅಂತ ತಲೆ ತಟ್ಟಿ, ನೀರಿನ ಲೋಟ ಮುಂದೆ ಹಿಡಿದರು.

ಇಲ್ಲಿ ವಿಡಿಯೋ ನಿಲ್ಲುತ್ತದೆ. ತಪ್ಪಾಗುವುದು ಇಲ್ಲೇ.

ನೆತ್ತಿಗೆ ಹತ್ತಿದವರು ಜೋರಾಗಿ ಕೆಮ್ಮುತ್ತಾರೆ. ಕೆಮ್ಮಿನ ಸದ್ದಿದ್ದರೆ ಗಾಳಿ ಓಡಾಡುತ್ತಿದೆ ಅಂತ ಅರ್ಥ. ಕೆಮ್ಮಲು ಬಿಡಿ. ಬೆನ್ನಿಗೆ ಹೊಡೆಯಬೇಡಿ, ಪಕ್ಕದಲ್ಲೇ ಇರಿ. ಈ ಕಾಕಾನ ಬಾಯಿಂದ ಸದ್ದೇ ಇಲ್ಲ. ಉಸಿರಿನ ದಾರಿಯೇ ಮುಚ್ಚಿದೆ. ನೀರು ಅದನ್ನು ತೆರೆಯುವುದಿಲ್ಲ, ತಲೆ ತಟ್ಟಿದರೂ ತೆರೆಯುವುದಿಲ್ಲ.

"ಕಾಕಾ, ಗಂಟಲಾಗ ಸಿಕ್ಕೈತೇನ್ರಿ?" ಅಂತ ಕೇಳಿ. ಮಾತು ಬಾರದೆ ತಲೆಯಷ್ಟೇ ಆಡಿಸಿದರೆ ತಡ ಮಾಡಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ನೀವು ಕೆಲಸ ಶುರು ಮಾಡಿ.

ಪಕ್ಕಕ್ಕೆ, ಸ್ವಲ್ಪ ಹಿಂದೆ ನಿಲ್ಲಿ. ಒಂದು ಕೈಯಿಂದ ಅವರ ಎದೆಗೆ ಆಸರೆ ಕೊಟ್ಟು, ಅವರನ್ನು ಚೆನ್ನಾಗಿ ಮುಂದಕ್ಕೆ ಬಗ್ಗಿಸಿ. ನೆಟ್ಟಗೆ ನಿಂತವರಿಗೆ ಹೊಡೆದರೆ ತುತ್ತು ಇನ್ನೂ ಕೆಳಗೆ ಹೋಗಬಹುದು. ಇನ್ನೊಂದು ಅಂಗೈಯ ಬುಡದಿಂದ, ಎರಡು ಹೆಗಲ ಮೂಳೆಗಳ ನಡುವೆ 5 ಸಲ ಗಟ್ಟಿಯಾಗಿ ಹೊಡೆಯಿರಿ. ಪ್ರತಿ ಸಲವೂ ತುತ್ತು ಹೊರಬಂತಾ ನೋಡಿ.

ಬರಲಿಲ್ಲವೇ? ಹಿಂದೆ ನಿಂತು ಎರಡೂ ಕೈಗಳಿಂದ ಸೊಂಟ ಬಳಸಿ. ಒಂದು ಮುಷ್ಟಿಯನ್ನು ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಇಡಿ. ಎದೆಮೂಳೆಗೆ ತಾಗಬಾರದು. ಇನ್ನೊಂದು ಕೈಯಿಂದ ಆ ಮುಷ್ಟಿಯನ್ನು ಹಿಡಿದು, ಜೋರಾಗಿ ಒಳಕ್ಕೆ ಮತ್ತು ಮೇಲಕ್ಕೆ ಎಳೆಯಿರಿ. 5 ಸಲ. ಒಳಗಿನ ಗಾಳಿಯೇ ತುತ್ತನ್ನು ಹೊರಗೆ ತಳ್ಳಬೇಕು, ಸುಮ್ನೆ ಅಪ್ಪಿ ಹಿಡಿದರೆ ಆಗುವುದಿಲ್ಲ.

ಮತ್ತೆ ಬೆನ್ನಿಗೆ 5, ಹೊಟ್ಟೆಗೆ 5. ತುತ್ತು ಹೊರಬರುವವರೆಗೆ, ಅಥವಾ ಅವರು ಕೆಮ್ಮುವವರೆಗೆ, ಮಾತಾಡುವವರೆಗೆ ಹೀಗೇ ಮಾಡುತ್ತಿರಿ.

ಬಸುರಿಯಾಗಿದ್ದರೆ ಹೊಟ್ಟೆಗೆ ಕೈ ಹಾಕಬೇಡಿ. ಎದೆಯ ನಡುವೆ ಮುಷ್ಟಿ ಇಟ್ಟು ನೇರ ಹಿಂದಕ್ಕೆ ಎಳೆಯಿರಿ. ತುಂಬಾ ದಪ್ಪ ಇದ್ದು ನಿಮ್ಮ ಕೈ ಸುತ್ತ ಸಿಗದಿದ್ದರೂ ಹೀಗೇ ಮಾಡಿ. ಒಂದು ವರ್ಷದೊಳಗಿನ ಕೂಸಿನ ವಿಧಾನ ಬೇರೆ. ಅದು ಈ ವಿಡಿಯೋದಲ್ಲಿಲ್ಲ.

ಪ್ರಜ್ಞೆ ತಪ್ಪಿದರೆ ಮೆಲ್ಲಗೆ ನೆಲಕ್ಕೆ ಅಂಗಾತ ಮಲಗಿಸಿ. 108ರವರ ಫೋನನ್ನು ಸ್ಪೀಕರ್‌ಗೆ ಹಾಕಿ. ಎದೆಯ ನಡುವೆ ಎರಡೂ ಕೈ ಒಂದರ ಮೇಲೊಂದು ಇಟ್ಟು, ಒಂದು ಸೆಕೆಂಡಿಗೆ ಸುಮಾರು ಎರಡು ಸಲ, ಜೋರಾಗಿ ಒತ್ತುತ್ತಿರಿ. ಬಾಯಲ್ಲಿ ತುತ್ತು ಕಂಡರೆ ಮಾತ್ರ ತೆಗೆಯಿರಿ. ಕಾಣದೆ ಬೆರಳು ಹಾಕಿ ಹುಡುಕಿದರೆ ಅದು ಇನ್ನೂ ಒಳಗೆ ಸರಿಯಬಹುದು.

ಕೊನೆಯ ದೃಶ್ಯದಲ್ಲಿ ತುತ್ತು ಹೊರಬಂದಿದೆ, ಕಾಕಾ "ಆರಾಮ ಅದೀನಿ, ದವಾಖಾನಿ ಬ್ಯಾಡ" ಅನ್ನುತ್ತಾರೆ. ಒಪ್ಪಬೇಡಿ. ಹೊಟ್ಟೆ ಎಳೆದಾಗ ಒಳಗೆ ಪೆಟ್ಟಾಗಿರಬಹುದು, ಅದು ಹೊರಗೆ ಕಾಣುವುದಿಲ್ಲ. ಹೊಟ್ಟೆ ಎಳೆದದ್ದನ್ನು ಡಾಕ್ಟರಿಗೆ ಹೇಳಿ, ಅವತ್ತೇ ತೋರಿಸಿ.