ಕತ್ತಿ ಕಡಿಯುವುದು ಬಾಗಿನಿಂದ ಮಾತ್ರವಲ್ಲ

ನಮಸ್ಕಾರ. ಬಾಗಿದ ಕತ್ತಿ ಕಡಿಯುವುದಕ್ಕೆ, ನೇರ ಕತ್ತಿ ತಿವಿಯುವುದಕ್ಕೆ. ಈ ಮಾತನ್ನು ನೀವೂ ಕೇಳಿರುತ್ತೀರಿ ಅಲ್ವಾ? ಇದು ಸುಳ್ಳಲ್ಲ. ಆದರೆ ಕಡಿತದ ಹೆಸರನ್ನೆಲ್ಲ ಬಾಗಿಗೇ ಕೊಡುವುದನ್ನು ನಾನು ಒಪ್ಪುವುದಿಲ್ಲ. ಬಾಗಿದ ಕತ್ತಿಗೆ ಸಾಮಾನ್ಯವಾಗಿ ಒಂದೇ ಬಾಯಿ, ಅದರ ಎದುರು ಬದಿ ಮಸೆಯದ ದಪ್ಪ ಬೆನ್ನು. ಕಡಿತದ ಹೆಸರಿನಲ್ಲಿ ದೊಡ್ಡ ಪಾಲು ಆ ಬೆನ್ನಿಗೆ ಸೇರಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ಕತ್ತಿಗಳಿವೆ. ಎರಡೂ 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ. ಇಬ್ಬಾಯಿ ಕತ್ತಿಯಲ್ಲಿ ಆ ದಪ್ಪ ನಡುವಿನಲ್ಲಿರುತ್ತದೆ. ಅಲ್ಲಿಂದ ಬಾಯಿಗೆ ಬರೀ 20 ಮಿಲಿಮೀಟರ್. ಅಷ್ಟರೊಳಗೆ ದಪ್ಪವೆಲ್ಲ ಕರಗಬೇಕು, ಹಾಗಾಗಿ ಬಾಯಿಯ ಕೋನ ಸುಮಾರು 14 ಡಿಗ್ರಿ ಆಗುತ್ತದೆ. ಒಂದೇ ಬಾಯಿಯ ಕತ್ತಿಯಲ್ಲಿ ದಪ್ಪ ಬೆನ್ನಿನಲ್ಲಿದೆ. ಇಳಿಯಲು ಪೂರ್ತಿ 40 ಮಿಲಿಮೀಟರ್ ಸಿಗುತ್ತದೆ. ಕೋನ ಸುಮಾರು 7 ಡಿಗ್ರಿ. ಅಂದರೆ ಅರ್ಧ! ನಿಜವಾದ ಕತ್ತಿಯಲ್ಲಿ ತುದಿಯಂಚನ್ನು ಇದಕ್ಕಿಂತ ದಪ್ಪವಾಗಿ ಮಸೆಯುತ್ತಾರೆ, ಇಬ್ಬಾಯಿ ಕತ್ತಿಯ ನಡುವೆ ಕಾಲುವೆ ತೆಗೆದು ಹಗುರ ಮಾಡುವುದೂ ಉಂಟು. ಆದರೂ ಒಳಗೆ ಇಳಿಯುವಾಗ ಪಕ್ಕಗಳನ್ನು ಸರಿಸುವ ಕೆಲಸ ತೆಳು ಬೆಣೆಗೇ ಸುಲಭ.

ಹಾಗಾದರೆ ಬಾಗು ಏನು ಮಾಡುತ್ತದೆ? ಸುಮ್ನೆ ಬೀಸಿದರೂ ಬಾಯಿ ಓರೆಯಾಗಿ ತಾಕುತ್ತದೆ, ತಾಕಿದ ಮೇಲೆ ಜಾರುತ್ತಾ ಕೊಯ್ಯುತ್ತದೆ. ನೇರ ಕತ್ತಿಯಲ್ಲಿ ಆ ಎಳೆತವನ್ನು ಕೈಯೇ ಕೊಡಬೇಕು. ಕಡಿತದ ಅಭ್ಯಾಸಕ್ಕೆಂದು ನೆನೆಸಿ ಸುತ್ತಿದ ಚಾಪೆಯನ್ನು ನೇರ ಕತ್ತಿಯಿಂದ ಮೊದಲ ಸಲ ಹೊಡೆದಾಗ ನಾನು ಎಳೆಯಲೇ ಇಲ್ಲ. ಮುಕ್ಕಾಲು ಪಾಲು ಕಡಿದು ಕತ್ತಿ ನಿಂತಿತು, ಉಳಿದ ನಾರು ಜೋತಾಡುತ್ತಿತ್ತು. ಆದರೆ ಕಡಿದ ಮುಖ ಚಮಚದಂತೆ ಬಾಗಿದ್ದರೆ ತಪ್ಪು ಬೇರೆ: ಬೀಸುವ ದಾರಿಗೆ ಬಾಯಿ ಸರಿಯಾಗಿ ಹೊಂದಿರಲಿಲ್ಲ ಎಂದರ್ಥ. ಅದನ್ನು ಯಾವ ಬಾಗೂ ಸರಿಮಾಡುವುದಿಲ್ಲ.

ಇನ್ನು ತಿವಿತ. ಇಲ್ಲಿ ಬಾಗು ಬೆಲೆ ತೆರುತ್ತದೆ. ಹಿಡಿಯಿಂದ ಒಂದು ನೇರ ಗೆರೆ ಎಳೆಯಿರಿ. ಮೊನೆ ಆ ಗೆರೆಯಿಂದ 5 ಸೆಂಟಿಮೀಟರ್ ಆಚೆಗಿದೆ ಎಂದುಕೊಳ್ಳಿ. ಹತ್ತು ಕಿಲೋ ತೂಕದಷ್ಟು ಬಲ ಹಾಕಿ ಒತ್ತಿದರೆ, ಒಂದು ಮೀಟರ್ ಕೋಲಿನ ತುದಿಗೆ ಅರ್ಧ ಕಿಲೋ ನೇತುಹಾಕಿ ಹಿಡಿದಷ್ಟು ತಿರುಚು ಮಣಿಕಟ್ಟಿಗೆ ಬರುತ್ತದೆ. ಮೊನೆ ಒಳಹೋಗುವ ಬದಲು ಪಕ್ಕಕ್ಕೆ ಸರಿಯುತ್ತದೆ. ಕಮಾನಿನಂತೆ ತಿರುಗಿಸಿ ತಿವಿಯಬಹುದು, ಅದಕ್ಕೆ ಬೇರೆಯೇ ಅಭ್ಯಾಸ ಬೇಕು.

ಕಡಿತವೋ ತಿವಿತವೋ ಎಂಬ ಈ ಜಗಳ ಅಶ್ವದಳಗಳಲ್ಲಿ ಬಹಳ ಕಾಲ ನಡೆಯಿತು. ಬ್ರಿಟನ್‌ನ 1796ರ ಹಗುರ ಅಶ್ವದಳದ ಕತ್ತಿ ಚೆನ್ನಾಗಿ ಬಾಗಿತ್ತು, ಕಡಿಯಲೆಂದೇ ಮಾಡಿದ್ದು. ಅಮೆರಿಕದಲ್ಲಿ ಸೇನಾಧಿಕಾರಿ ಜಾರ್ಜ್ ಪ್ಯಾಟನ್ ರೂಪಿಸಿದ 1913ರ ಕತ್ತಿ ನೇರ, ಇಬ್ಬಾಯಿಯದು. ಕುದುರೆಯ ವೇಗವನ್ನೆಲ್ಲ ಮೊನೆಗೆ ಕೊಡುವುದೇ ಅದರ ಉದ್ದೇಶ.

ನನಗೆ ಇಷ್ಟವಾಗುವುದು ಇವೆರಡರ ನಡುವಿನದು. ಸ್ವಲ್ಪವೇ ಬಾಗು, ಒಂದೇ ಬಾಯಿ, ಆದರೆ ಮೊನೆಯ ಹತ್ತಿರ ಬೆನ್ನನ್ನೂ ಮಸೆದಿರುವ ಕತ್ತಿ. ಅಂಥವು ಬೇಕಾದಷ್ಟು ಇವೆ. ತಿವಿಯುವ ಕೊನೆಯ ಗೇಣಿಗೆ ಮಾತ್ರ ಎರಡು ಬಾಯಿ, ಕಡಿಯುವ ಉಳಿದ ಉದ್ದಕ್ಕೆಲ್ಲ ಆ ತೆಳು ಬೆಣೆ.