ಬ್ಯಾಸಿಗ್ಯಾಗ ಬಾಂಗಡಾ ನಳದ ಕೆಳಗ ಹಿಡೀಬ್ಯಾಡ್ರಿ

ನಮಸ್ಕಾರ್ರಿ. ಫ್ರೀಜರ್‌ದಾಗ ಕಲ್ಲಿನಂಗ ಗಟ್ಟಿ ಆದ ಮೀನಿನ ಬರ್ಫ ಲಗೂನ ಬಿಡಸಬೇಕಂದ್ರ ಎಲ್ಲಾರೂ ಹೇಳೋ ಉಪಾಯ ಒಂದ: ನಳದ ಕೆಳಗ ಹಿಡೀರಿ. ಆ ಉಪಾಯ ಸುಳ್ಳಲ್ಲ. ಆದ್ರ ಅದು ನಳದಾಗ ತಣ್ಣೀರು ಬರೋ ಊರಿಗೆ ಹೇಳಿದ ಮಾತು. ಅಮೆರಿಕದ ಆಹಾರ ಸುರಕ್ಷತಾ ನಿಯಮದಾಗ ಹರಿಯೋ ನೀರಾಗ ಬರ್ಫ ಬಿಡಿಸಿದ್ರ ಆ ನೀರು 21 ಡಿಗ್ರಿ ದಾಟಬಾರದು ಅಂತ ಐತಿ. ವಿಜಯಪುರದಾಗ, ಬಾಗಲಕೋಟ್ಯಾಗ ಮೇ ತಿಂಗಳ ಮಧ್ಯಾಹ್ನ ಮಾಳಿಗಿ ಮ್ಯಾಲಿನ ಟಾಕಿ ನೀರಿಗೆ ಕೈ ಒಡ್ಡಿ ನೋಡ್ರಿ. ಕೈಗೆ ಬಿಸಿ ಹತ್ತತೈತಿ. ಅಂದ್ರ ಅದು ನಮ್ಮ ಮೈಯಷ್ಟು, ಇಲ್ಲಾ ಅದಕ್ಕೂ ಹೆಚ್ಚು ಬೆಚ್ಚಗ ಐತಿ. ಆ ನೀರಾಗ ಮೀನು ಹಿಡದ್ರ ಬರ್ಫ ಬಿಡತೈತಿ ಖರೆ, ಮೀನಿನ ಮೈನೂ ಅದರ ಜೋಡಿ ಕಾಯತೈತಿ.

ಹಂಗಾದ್ರ ಅಡಿಗಿ ಕಟ್ಟಿ ಮ್ಯಾಲೆ ಇಡೋಣ ಅಂತೀರಿ. ಅದು ಇನ್ನೂ ಕೆಟ್ಟದ್ದು. ಮಟನ್ ಆಗಲಿ ಮೀನ ಆಗಲಿ, ಬರ್ಫ ಒಮ್ಮೆಲೆ ಎಲ್ಲಾ ಕಡೆ ಬಿಡೋದಿಲ್ಲ, ಹೊರಗಿಂದ ಒಳಗ ಬಿಡತೈತಿ. ಒಂದು ಕಿಲೋ ಗಡ್ಡಿ ಕಟ್ಟಿ ಮ್ಯಾಲೆ ಇಟ್ರಿ ಅಂದ್ರ, ನಡುವ ಇನ್ನೂ ಕಲ್ಲಿನಂಗ ಇರತೈತಿ, ಹೊರಗಿನ ಪದರು ಆಗಲೇ ಕ್ವಾಣಿಯಷ್ಟು ಬೆಚ್ಚಗ ಆಗಿರತೈತಿ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ನಡುವಿನ ಕಾವಿನಾಗ ಬ್ಯಾಕ್ಟೀರಿಯಾ ಬೆಳೀತಾವ. ಅದಕ್ಕ ಹೊರಗ ಇಡೂ ಮಿತಿ ಎರಡು ತಾಸು, ಹವಾ 32 ಡಿಗ್ರಿ ದಾಟಿದ್ರ ಬರೇ ಒಂದು ತಾಸು. ನಮ್ಮ ಬ್ಯಾಸಿಗ್ಯಾಗ ಒಂದು ತಾಸು ಅನ್ನೋದ ಲೆಕ್ಕ. ಅಷ್ಟ್ರಾಗ ಒಂದು ಕಿಲೋ ಗಡ್ಡಿ ಬರ್ಫ ಬಿಡೋದ ಇಲ್ಲ.

“ಹೆಂಗೂ ಕುದಸ್ತೀವಿ, ಹುಳ ಎಲ್ಲಾ ಸಾಯತಾವ” ಅಂತಾರ. ಬ್ಯಾಕ್ಟೀರಿಯಾ ಸಾಯತಾವ, ಒಪ್ಪಿದೆ. ಅವು ಬಿಟ್ಟು ಹೋದ ಕೆಲವು ವಿಷ ಸಾಯೋದಿಲ್ಲ. ಬಾಂಗಡಾದಾಗ ಇದು ಚೊಲೋ ಕಾಣತೈತಿ. ಬಾಂಗಡಾ, ತಾರ್ಲಿ, ಟ್ಯೂನಾ ಜಾತಿ ಮೀನಿನ ಮಾಂಸದಾಗ ಹಿಸ್ಟಿಡಿನ್ ಅನ್ನೋ ಅಂಶ ಹೆಚ್ಚಿರತೈತಿ. ಮೀನು ಬೆಚ್ಚಗ ಇದ್ದಷ್ಟು ಹೊತ್ತು ಬ್ಯಾಕ್ಟೀರಿಯಾ ಅದನ್ನ ಹಿಸ್ಟಮಿನ್ ಮಾಡ್ತಾವ. ಹಿಸ್ಟಮಿನ್ ಕುದಿಸಿದ್ರೂ ಹೋಗೋದಿಲ್ಲ, ಎಣ್ಯಾಗ ಕರದ್ರೂ ಹೋಗೋದಿಲ್ಲ, ಮತ್ತ ಫ್ರೀಜರ್‌ದಾಗ ಇಟ್ರೂ ಹೋಗೋದಿಲ್ಲ. ವಾಸನಿ ಬರಲೇಬೇಕು ಅಂತೇನಿಲ್ಲ, ನೋಡಾಕ ಮೀನು ಛಂದನೇ ಇರತೈತಿ. ಉಂಡ ಮ್ಯಾಲೆ ಕೆಲವು ಮಿನಿಟಿನಿಂದ ಒಂದೆರಡು ತಾಸಿನೊಳಗ ಮಾರಿ ಕೆಂಪಗ ಆಗಿ ಕಾಯತೈತಿ, ತಲಿ ಸಿಡೀತೈತಿ, ಮೈ ತುರಸತೈತಿ. ತಿನ್ನೋ ಹೊತ್ತಿನಾಗ ನಾಲಿಗಿಗೆ ಮೆಣಸಿನಂಗ ಚುರುಕು ಹತ್ತಿದ್ರ ಅಲ್ಲಿಗೇ ನಿಲ್ಲಸ್ರಿ. ಇಂಥದ್ದು ಆದಾಗ ಬಹಳ ಮಂದಿ ತಮಗ ಮೀನು ಆಗಿಬರೋದಿಲ್ಲ ಅಂತ ತಿಳಕೋತಾರ. ಉಸಿರು ಕಟ್ಟಿದಂಗ ಆದ್ರ ತಡ ಮಾಡದ ದವಾಖಾನಿಗೆ ಹೋಗ್ರಿ.

ನಮ್ಮ ಕಡೆ ಸಮುದ್ರದ ಮೀನು ಕಾರವಾರ, ಗೋವಾ ಕಡಿಯಿಂದ ಘಾಟು ಏರಿ ಬರತೈತಿ. ದಾರ್ಯಾಗ ಅದು ಎಷ್ಟು ಹೊತ್ತು ಬರ್ಫದಾಗಿತ್ತು, ಎಷ್ಟು ಹೊತ್ತು ಬಿಸಲಾಗಿತ್ತು ಅನ್ನೋದು ನಮಗ ಗೊತ್ತಾಗೋದಿಲ್ಲ. ಅಲ್ಲಿ ಆಗಿದ್ದಕ್ಕ ನಮ್ಮ ಕಟ್ಟಿ ಮ್ಯಾಲಿನ ಮೂರು ತಾಸು ಕೂಡಸೋದು ಬ್ಯಾಡ.

ಈಗ ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಬಾಂಗಡಾ, ಫ್ರೀಜರ್‌ದಾಗ ಮೈನಸ್ 18 ಡಿಗ್ರಿ. ಮಧ್ಯಾಹ್ನ ಅಡಿಗಿ ಆಗಬೇಕು, ರಾತ್ರಿ ಫ್ರಿಜ್‌ನಾಗ ಇಳಿಸಿಡೋದು ಮರತೀವಿ. ಅದರ ಬರ್ಫ ಪೂರಾ ಬಿಡಸಾಕ ಸುಮಾರು 300 ಕಿಲೋಜೂಲ್ ಕಾವು ಬೇಕು. ಗಡಗಿಯಾಗಿನ 5 ಲೀಟರ್ ನೀರು 25 ಡಿಗ್ರಿ ಐತಿ ಅಂತ ಇಟಗೋರಿ. ಅಷ್ಟು ಕಾವು ಕೊಟ್ಟ ನೀರು ತಾನ ಸುಮಾರು 11 ಡಿಗ್ರಿಗೆ ಇಳೀತೈತಿ. ಮೀನ ಬರ್ಫದ ಕೆಲಸ ಮಾಡತೈತಿ ನೋಡ್ರಿ! ಪಾತೇಲ್ಯಾಗ ಇಟ್ರ ಮೀನು ತನ್ನ ಸುತ್ತಲಿನ ನೀರನ್ನ ತಾನ ತಣ್ಣಗ ಮಾಡಿಕೋತೈತಿ. ನಳದ ಕೆಳಗ ಆ ತಂಪು ಹರದು ಹೋಗತೈತಿ, ಅದರ ಜಾಗಾಕ್ಕ ಮತ್ತ ಬಿಸಿ ನೀರು ಬರತೈತಿ. ನಳ ಸಣ್ಣಗ ಬಿಟ್ರೂ ಮಿನಿಟಿಗೆ 3 ಲೀಟರ್, ಒಂದು ತಾಸಿಗೆ 180 ಲೀಟರ್ ನೀರು ಹೋತು. ನೀರಿಗೆ ಪಾಳಿ ಹಚ್ಚೋ ಊರಾಗ ಇದನ್ನ ನಾ ಒಪ್ಪೋದಿಲ್ಲ.

ಅದಕ್ಕ ಹಿಂಗ ಮಾಡ್ರಿ. ದೊಡ್ಡ ಪಾತೇಲ್ಯಾಗ 5 ಲೀಟರ್ ಗಡಗಿ ನೀರು, ಅದಕ್ಕ ಎರಡು ಟ್ರೇ ಬರ್ಫದ ತುಂಡು ಹಾಕ್ರಿ. ಶುರುವಿಗೇ ನೀರು 20ರ ಕೆಳಗ ಬರತೈತಿ. ಮೀನನ್ನ ತೂತಿಲ್ಲದ ಪ್ಲಾಸ್ಟಿಕ್ ಚೀಲದಾಗ ಹಾಕಿ ಹವಾ ಒತ್ತಿ ತಗದು ಬಿಗಿಯಾಗಿ ಕಟ್ಟರಿ, ಮ್ಯಾಲೆ ಇನ್ನೊಂದು ಚೀಲ. ಹವಾ ಉಳದ್ರ ಚೀಲ ತೇಲತೈತಿ, ತೇಲಿದ ಕಡೆ ಬರ್ಫ ಬಿಡೋದಿಲ್ಲ, ಅದಕ್ಕ ಮ್ಯಾಲೆ ಭಾರದ ಗಂಗಾಳ ಇಡ್ರಿ. ಚೀಲ ಸೋರಿದ್ರ ಮೀನು ನೀರು ಕುಡದು ಸಪ್ಪಗ ಆಗತೈತಿ, ಪಾತೇಲಿ ನೀರಿಗೂ ಹೊಲಸು ಹತ್ತತೈತಿ. ಅರ್ಧಾ ತಾಸಿಗೊಮ್ಮೆ ನೀರು ಬದಲಿ ಮಾಡ್ರಿ, ಹೊಸಾ ನೀರೂ ತಣ್ಣಗ ಇರಬೇಕು. ಬಿಡಿ ಬಿಡಿಯಾಗಿ ಫ್ರೀಜ್ ಮಾಡಿದ ಬಾಂಗಡಾ ಒಂದು ತಾಸಿನ ಆಚೀಚೆ ಬಿಡತಾವ. ಒಂದ ಗಡ್ಡಿ ಆಗಿದ್ರ ಒಂದೂವರಿ, ಎರಡು ತಾಸು. ಬೆನ್ನಿನ ದಪ್ಪ ಕಡೆ ಬೆರಳಿನಿಂದ ಒತ್ತರಿ, ಒಳಗ ಗಟ್ಟಿ ಹತ್ತಬಾರದು. ಬಿಟ್ಟ ಕೂಡಲೇ ಒಲಿಗೆ ಏರಸ್ರಿ. ನೀರಾಗ ಬಿಡಿಸಿದ್ದನ್ನ ಹಸೀದ ಮತ್ತ ಫ್ರೀಜರ್‌ಗೆ ಹಾಕಬ್ಯಾಡ್ರಿ.

ಬೆಳಗಾವ್ಯಾಗ ಡಿಸೆಂಬರ್ ಮುಂಜಾನೆ ನಳದ ನೀರು ಕೈಗೆ ಕೊರೀತಿದ್ರ ಅದನ್ನ ಪಾತೇಲಿಗೆ ತುಂಬ್ರಿ, ಬರ್ಫ ಬೇಕಾಗಿಲ್ಲ.

ಪುರಸತ್ತು ಇದ್ರ ಫ್ರಿಜ್‌ಗಿಂತ ಚೊಲೋ ದಾರಿ ಇಲ್ಲ. ಫ್ರಿಜ್ 4 ಡಿಗ್ರಿ ಇಲ್ಲಾ ಅದಕ್ಕ ಕಡಿಮಿ ಇದ್ರ ಬರ್ಫ ಬಿಟ್ಟ ಹೊರಗಿನ ಪದರೂ ತಣ್ಣಗ ಇರತೈತಿ, ಎಷ್ಟು ನಿಧಾನ ಆದ್ರೂ ಅಂಜಿಕಿ ಇಲ್ಲ. ಒಂದು ಕಿಲೋಕ್ಕ ಒಂದು ದಿನ ಹಿಡೀರಿ. ಕೆಳಗಿನ ಖಾನ್ಯಾಗ, ಅಂಚಿರೋ ತಾಟಿನಾಗ ಇಡ್ರಿ. ಮ್ಯಾಲೆ ಇಟ್ರ ರಕ್ತದ ನೀರು ಕೆಳಗಿನ ಮೊಸರಿಗೆ, ಕೊತ್ತಂಬರಿಗೆ ಸೋರತೈತಿ. ಹಿಂಗ ಬಿಡಿಸಿದ ಮೀನು, ಕೋಳಿ ಫ್ರಿಜ್‌ನಾಗ ಇನ್ನೂ ಒಂದೆರಡು ದಿನ ತಡೀತಾವ, ಮಟನ್ ಮೂರರಿಂದ ಐದು ದಿನ. ಬೀಗರು ಬರಲಿಲ್ಲ ಅಂದ್ರ ತಿರುಗಿ ಫ್ರೀಜ್ ಮಾಡಬಹುದು, ರುಚಿ ಒಂಚೂರು ಕಡಿಮಿ ಆಗತೈತಿ ಅಷ್ಟ. ಕರೆಂಟ್ ತಾಸುಗಟ್ಟಲೇ ಹೋಗಿದ್ರ ಈ ಲೆಕ್ಕ ಹಿಡೀಬ್ಯಾಡ್ರಿ. ಹವಾ ತಗದು ಪ್ಯಾಕ್ ಮಾಡಿದ ಮೀನು ಇದ್ರ, ಬರ್ಫ ಬಿಡೋಕಿಂತ ಮೊದಲ ಪ್ಯಾಕ್ ಹರದು ಇಡ್ರಿ. ಹವಾ ಇಲ್ಲದ ಕಡೆ ಬೆಳೆಯೋ ಬಾಟ್ಯುಲಿಸಮ್ ಬ್ಯಾಕ್ಟೀರಿಯಾದ ಒಂದು ಜಾತಿ ಫ್ರಿಜ್‌ನ ತಂಪಿನಾಗೂ ವಿಷ ಮಾಡತೈತಿ.

ಖರೇ ಕೆಲಸ ಇರೋದು ಮೀನು ತಂದ ದಿನ. ದಪ್ಪ ಎರಡು ಪಟ್ಟು ಆದ್ರ ಬರ್ಫ ಬಿಡೋ ಹೊತ್ತು ನಾಕು ಪಟ್ಟಿಗೆ ಹತ್ರ ಹೋಗತೈತಿ. ಅಂಗಡಿಯವ ಕಟ್ಟಿಕೊಟ್ಟ ಕಿಲೋ ಗಂಟನ್ನ ಹಂಗ ಒಗೀಬ್ಯಾಡ್ರಿ. ಹೊಟ್ಟಿ ತಗದು ತೊಳದು, ಅರ್ಧಾ ಕಿಲೋ ಅರ್ಧಾ ಕಿಲೋ ಮಾಡಿ, ಚೀಲದಾಗ ಎರಡು ಬೆರಳಿನಷ್ಟು ದಪ್ಪ ಚಪ್ಪಟಿ ಹರವಿ ಫ್ರೀಜ್ ಮಾಡ್ರಿ. ರಾತ್ರಿ ಫ್ರಿಜ್‌ಗೆ ಇಳಿಸಿದ್ರ ಮುಂಜಾನಿಗೆ ತಯಾರ. ಮಟನ್ ಸಣ್ಣ ತುಂಡು ಮಾಡಿ ಹಿಂಗ ಹರವಿ ಇಟ್ಟಿದ್ರ ಬರ್ಫ ಬಿಡಸೋ ಗೋಜಿಲ್ಲದ ನೇರ ಕುಕ್ಕರಿಗೆ ಹಾಕಬಹುದು, ಬೇಯಸೋ ಹೊತ್ತು ಮಾತ್ರ ಒಂದೂವರಿ ಪಟ್ಟು ಹಿಡೀರಿ.