ಬೆಳ್ಳುಳ್ಳಿ, ರಕ್ತದೊತ್ತಡ ಮತ್ತು ಕೊಲೆಸ್ಟ್ರಾಲ್

ಕೇಳುಗರೆಲ್ಲರಿಗೂ ನಮಸ್ಕಾರ. ಬೆಳ್ಳುಳ್ಳಿ ತಿಂದರೆ ಬಿ.ಪಿ., ಕೊಲೆಸ್ಟ್ರಾಲ್ ಇಳಿಯುತ್ತವೆ ಎಂಬ ಮಾತು ಎಷ್ಟು ನಿಜ ಎಂದು ಇಂದು ನೋಡೋಣ. ನಮ್ಮ ಕಲಬುರಗಿ ಭಾಗದಲ್ಲಿ ಶೇಂಗಾ ಹಿಂಡಿ ಕುಟ್ಟುವಾಗ ಒರಳಿಗೆ ಬಳ್ಳೊಳ್ಳಿ ಬಿದ್ದೊಡನೆ ಮೂಗಿಗೆ ಅಡರುವ ಆ ಘಾಟು, ಇಡೀ ಎಸಳಿನಲ್ಲಿ ಇರುವುದಿಲ್ಲ. ಎಸಳಿನೊಳಗೆ ಅಲಿಯಿನ್ ಎಂಬ ವಸ್ತುವೂ ಅಲಿನೇಸ್ ಎಂಬ ಕಿಣ್ವವೂ ಬೇರೆಬೇರೆಯಾಗಿಯೇ ಇರುತ್ತವೆ. ಜಜ್ಜಿದಾಗ ಎರಡೂ ಕೂಡಿ ಕೆಲವೇ ಕ್ಷಣಗಳಲ್ಲಿ ಆ ಘಾಟಿಗೆ ಕಾರಣವಾದ, ಅಲಿಸಿನ್ ಎಂಬ ಗಂಧಕಯುಕ್ತ ವಸ್ತು ಹುಟ್ಟುತ್ತದೆ. ಇಡಿಯಾಗಿ ಒಗ್ಗರಣೆಗೆ ಹಾಕಿದರೆ ಕಾವಿಗೆ ಕಿಣ್ವ ಕೆಡುವುದರಿಂದ ಅಲಿಸಿನ್ ಹೆಚ್ಚು ಹುಟ್ಟುವುದಿಲ್ಲ.

ಪ್ರಯೋಗಾಲಯದಲ್ಲಿ ಬೆಳ್ಳುಳ್ಳಿಯ ಗಂಧಕಯುಕ್ತ ವಸ್ತುಗಳನ್ನು ಯಕೃತ್ತಿನ ಕೋಶಗಳ ಮೇಲೆ ನೇರವಾಗಿ ಹಾಕಿದಾಗ ಕೊಲೆಸ್ಟ್ರಾಲ್ ತಯಾರಿಕೆ ತಗ್ಗಿದ್ದು ನಿಜ. ಆದರೆ ನಾವು ತಿಂದ ಅಲಿಸಿನ್ ಆ ರೂಪದಲ್ಲಿ ಯಕೃತ್ತನ್ನು ತಲುಪುವುದಿಲ್ಲ. ಅದು ಬೇಗನೆ ಒಡೆದು ಬೇರೆ ವಸ್ತುಗಳಾಗುತ್ತದೆ. ಹಸಿ ಬೆಳ್ಳುಳ್ಳಿ ತಿಂದವರ ರಕ್ತದಲ್ಲಿ ಹುಡುಕಿದಾಗಲೂ ಅಲಿಸಿನ್ ಸಿಕ್ಕಿಲ್ಲ. ಆದ್ದರಿಂದ ಗಾಜಿನ ತಟ್ಟೆಯಲ್ಲಿ ಕಂಡ ಫಲವನ್ನು ಮನುಷ್ಯರಲ್ಲಿಯೇ ಪರೀಕ್ಷಿಸಬೇಕಾಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಪರೀಕ್ಷೆಯೊಂದನ್ನು ನಡೆಸಿ 2007ರಲ್ಲಿ ಪ್ರಕಟಿಸಿದರು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಸಾಧಾರಣವಾಗಿ ಏರಿದ್ದ 192 ಮಂದಿಯನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಜಜ್ಜಿದ ಹಸಿ ಬೆಳ್ಳುಳ್ಳಿ, ಎರಡನೆಯದಕ್ಕೆ ಪುಡಿಯ ಮಾತ್ರೆ, ಮೂರನೆಯದಕ್ಕೆ ಬಹುಕಾಲ ಮಾಗಿಸಿದ ಸಾರದ ಮಾತ್ರೆ, ಉಳಿದವರಿಗೆ ಔಷಧಾಂಶವಿಲ್ಲದ ಹುಸಿಮಾತ್ರೆ ಕೊಟ್ಟರು. ಪ್ರಮಾಣ ದಿನಕ್ಕೆ ಒಂದು ಎಸಳಿನಷ್ಟು, ವಾರಕ್ಕೆ ಆರು ದಿನ, ಆರು ತಿಂಗಳು. ಹಸಿ ಬೆಳ್ಳುಳ್ಳಿಯನ್ನು ಸ್ಯಾಂಡ್‌ವಿಚ್‌ನಲ್ಲಿ ಬೆರೆಸಿ ಕೊಟ್ಟಿದ್ದಲ್ಲದೆ, ಕೊಟ್ಟ ಪದಾರ್ಥಗಳ ರಾಸಾಯನಿಕ ಗುಣವನ್ನೂ ಪರೀಕ್ಷಿಸಿದ್ದರು. ತಿಂಗಳು ತಿಂಗಳು ರಕ್ತ ನೋಡಿದರೂ ಯಾವ ಗುಂಪಿನಲ್ಲಿಯೂ ಎಲ್‌ಡಿಎಲ್ ಗಮನಾರ್ಹವಾಗಿ ಇಳಿಯಲಿಲ್ಲ. ಬೇರೆ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದವರಿಗೆ ಅಲ್ಪ ಇಳಿಕೆ ಕಂಡದ್ದುಂಟು. ಆದರೆ ಇಷ್ಟು ಎಚ್ಚರದಿಂದ ನಡೆದ ಪರೀಕ್ಷೆಯ ಫಲವನ್ನು ಬದಿಗೆ ಸರಿಸಲು ನನಗೆ ಕಾರಣ ಕಾಣುವುದಿಲ್ಲ.

ರಕ್ತದೊತ್ತಡದ ಮಾತು ಸ್ವಲ್ಪ ಬೇರೆ. ಬಿ.ಪಿ. ಏರಿದ್ದವರಲ್ಲಿ ನಡೆದ ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಮೇಲಿನ ಅಂಕಿ ಸರಾಸರಿ ಸುಮಾರು 8ರಷ್ಟು ಇಳಿದಂತೆ ಕಂಡಿದೆ, ಬಿ.ಪಿ. ಸರಿಯಿದ್ದವರಲ್ಲಿ ಹೇಳಿಕೊಳ್ಳುವ ಬದಲಾವಣೆಯಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವು ವಾರ ಅಥವಾ ತಿಂಗಳುಗಳವು. ಹಲವು ಪ್ರಯೋಗಗಳಲ್ಲಿ ಕೊಟ್ಟದ್ದು ಅಲಿಸಿನ್ ಬಹುತೇಕ ಇಲ್ಲದ ಮಾಗಿಸಿದ ಸಾರ ಎಂಬುದು ವಿಶೇಷ. ಹೀಗಾಗಿ ಆ ಇಳಿಕೆಯ ಕೀರ್ತಿಯನ್ನು ಅಲಿಸಿನ್‌ಗೆ ಕಟ್ಟಲಾಗದು. ಮಾತ್ರೆಯಲ್ಲಿ ಕಂಡದ್ದನ್ನು ನಮ್ಮ ಹಿಂಡಿಗೆ ಅನ್ವಯಿಸಲೂ ಆಗದು. ಹೃದಯಾಘಾತ ಅಥವಾ ಪಾರ್ಶ್ವವಾಯು ಕಡಿಮೆಯಾಯಿತೆಂದು ಇವು ತೋರಿಸಿಯೂ ಇಲ್ಲ.

ಆದ್ದರಿಂದ ವೈದ್ಯರು ಬರೆದ ಬಿ.ಪಿ. ಅಥವಾ ಕೊಲೆಸ್ಟ್ರಾಲ್ ಗುಳಿಗೆಯನ್ನು ಬೆಳ್ಳುಳ್ಳಿಯ ಭರವಸೆಯಿಂದ ದಯವಿಟ್ಟು ಬಿಡಬೇಡಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆ ಗೊತ್ತಾದವರು ಬೆಳ್ಳುಳ್ಳಿ ಮಾತ್ರೆ ಸೇವಿಸುತ್ತಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಊಟದಲ್ಲಿ ರುಚಿಗೆ ಬಳಸುವಷ್ಟಕ್ಕೆ ಸಾಮಾನ್ಯವಾಗಿ ಚಿಂತೆ ಬೇಕಿಲ್ಲ. ನಮಸ್ಕಾರ.